ಕೊನೆಯ ಸ್ಲೈಡಿನ ಗಾದೆ

ಬಂಡವಾಳ ಕೋರಿ ನವೋದ್ಯಮಿ ನಡೆಸುವ ಮಂಡನೆಯಲ್ಲಿ ಪರದೆಯ ಮೇಲೆ ಹೆಚ್ಚು ಹೊತ್ತು ಉಳಿಯುವುದು ಕೊನೆಯ ಸ್ಲೈಡ್. ಹೂಡಿಕೆದಾರರ ಪ್ರಶ್ನೆಗಳು ಮುಗಿಯುವವರೆಗೂ ಅದು ಅಲ್ಲೇ ಇರುತ್ತದೆ. ಅಂಥ ಜಾಗವನ್ನು ಅನೇಕರು 'ಧನ್ಯವಾದಗಳು' ಎಂಬ ಒಂದು ಪದಕ್ಕೆ ಬಿಟ್ಟುಕೊಡುತ್ತಾರೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಸೋರಿಕೆ ಪತ್ತೆಹಚ್ಚುವ ಸಾಧನ ರೂಪಿಸಿರುವ ನನ್ನ ಸೋದರಸೊಸೆ ಅಲ್ಲಿ 'ಹನಿ ಹನಿ ಕೂಡಿದರೆ ಹಳ್ಳ' ಎಂದು ಬರೆದಿದ್ದಳು. "ಹೇಗಿದೆ ಮಾವ?" ಎಂದಳು. "ಉಳಿತಾಯ ಖಾತೆ ತೆರೆಸುವವನೂ ಇದನ್ನೇ ಬರೆಯಬಹುದಲ್ಲ ಪುಟ್ಟಿ" ಎಂದೆ. ಬೇರೊಬ್ಬರ ವ್ಯವಹಾರಕ್ಕೂ ಒಪ್ಪುವ ಮಾತು ನಮ್ಮದಾಗದು.

ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಸೆಕೆಂಡಿಗೊಂದು ಹನಿಯೆಂದರೆ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಹಿಡಿದರೆ ಸುಮಾರು 4.3 ಲೀಟರ್. 200 ಮನೆಗಳಲ್ಲಿ ತಲಾ ಒಂದು ನಲ್ಲಿ ಹೀಗೆ ತೊಟ್ಟಿಕ್ಕಿದರೆ ವರ್ಷಕ್ಕೆ ಸುಮಾರು 3.15 ಲಕ್ಷ ಲೀಟರ್, ಅಂದರೆ 6,000 ಲೀಟರಿನ 52 ಟ್ಯಾಂಕರ್. ಸಾಲು ತಾನಾಗಿಯೇ ಒದಗಿತು: 'ಹನಿ ಹನಿ ಸೋರಿದರೆ 52 ಟ್ಯಾಂಕರ್.'

'ಹನಿ ಹನಿ' ಎಂದೊಡನೆ ಕೇಳುಗರ ಮನಸ್ಸು 'ಹಳ್ಳ'ಕ್ಕೆ ಸಿದ್ಧವಾಗಿರುತ್ತದೆ. ಅಲ್ಲಿ ಟ್ಯಾಂಕರ್ ಎದುರಾದರೆ ಅದು ನೆನಪಿನಲ್ಲಿ ನಿಲ್ಲುತ್ತದೆ.

ಆದರೆ ಎಲ್ಲ ಮನೆಗಳಲ್ಲೂ ಸೋರುತ್ತದೆಂಬುದು ನಮ್ಮ ಊಹೆ. ಆದ್ದರಿಂದ ಲೆಕ್ಕವನ್ನು ಹಿಂದಿನ ಸ್ಲೈಡಿನಲ್ಲಿಯೇ ತೆರೆದಿಡಬೇಕು. ನಾಳೆ ಅಳೆದಾಗ 50 ಮನೆಗಳಲ್ಲಷ್ಟೇ ಸೋರಿಕೆ ಕಂಡರೆ 52ನ್ನು ಅಳಿಸಿ 13 ಎಂದು ಬರೆಯಬೇಕು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತೇವೆ. ಅಂಕಿ ಸುಳ್ಳಾದರೆ ಗಾದೆಯೂ ಕೈಹಿಡಿಯದು.