ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಅಂಕಿ ಎಷ್ಟು ಹೊತ್ತಿನದು?

ಒಂದು ಜಿಲ್ಲಾ ಹಾಲು ಒಕ್ಕೂಟವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಹಳ್ಳಿಗಳ ಸಂಘಗಳಲ್ಲಿ ಅಳೆದ ಹಾಲಿನ ಲೆಕ್ಕ ಒಕ್ಕೂಟದ ಮುಖ್ಯ ಡೇಟಾಬೇಸ್‌ಗೆ ಬಂದು ಸೇರುತ್ತದೆ. ಯಾವ ಕಡೆಗೆ ಎಷ್ಟು ಟ್ಯಾಂಕರ್ ಕಳಿಸಬೇಕೆಂದು ವ್ಯವಸ್ಥಾಪಕರು ಒಂಬತ್ತರ ಸುಮಾರಿಗೆ ಡ್ಯಾಶ್‌ಬೋರ್ಡ್ ನೋಡಿ ತೀರ್ಮಾನಿಸುತ್ತಾರೆ. ಪರದೆಯ ಮೂಲೆಯಲ್ಲಿ ‘ಪ್ರತಿ 15 ನಿಮಿಷಕ್ಕೆ ನವೀಕರಣ’ ಎಂದಿದೆ. ಹಾಗಾದರೆ ಅಲ್ಲಿನ ಅಂಕಿ ಹೆಚ್ಚೆಂದರೆ 15 ನಿಮಿಷ ಹಳೆಯದು ಎಂದೇ ಎಲ್ಲರೂ ತಿಳಿಯುತ್ತಾರೆ. ಆ ಲೆಕ್ಕ ತಪ್ಪು.

ಮುಖ್ಯ ಡೇಟಾಬೇಸ್‌ನ ಮೇಲೆ ಹೊರೆ ಬೀಳದಿರಲೆಂದು ಅದರ ಪ್ರತಿಯೊಂದನ್ನು ಬೇರೆ ಸರ್ವರ್‌ನಲ್ಲಿ ಇಡುತ್ತಾರೆ. ಇದೇ ರೆಪ್ಲಿಕಾ. ಮುಖ್ಯದಲ್ಲಿ ಆದ ಬದಲಾವಣೆ ಇಲ್ಲಿಗೆ ತಲುಪಲು ಹಿಡಿಯುವ ಸಮಯವೇ ರೆಪ್ಲಿಕೇಶನ್ ಲ್ಯಾಗ್. ಸಿಂಕ್ ಕೆಲಸ ರೆಪ್ಲಿಕಾದಿಂದ ಓದಿ, ಮೊತ್ತ ಹಾಕಿ ಡ್ಯಾಶ್‌ಬೋರ್ಡ್‌ಗೆ ತುಂಬುತ್ತದೆ. ರೆಪ್ಲಿಕಾ 1 ನಿಮಿಷ ಹಿಂದಿದೆ, ಸಿಂಕ್ ಮುಗಿಯಲು 4 ನಿಮಿಷ ಬೇಕು ಎಂದಿಟ್ಟುಕೊಳ್ಳೋಣ. 8:45ಕ್ಕೆ ಶುರುವಾದ ಸಿಂಕ್‌ಗೆ ಸಿಗುವುದು 8:44ರವರೆಗಿನ ಲೆಕ್ಕ. ಅದು ಪರದೆಗೆ ಬರುವುದು 8:49ಕ್ಕೆ. ಮುಂದಿನ ಸಿಂಕ್ 9:00ಕ್ಕೆ ಶುರುವಾಗಿ 9:04ಕ್ಕೆ ಮುಗಿಯುತ್ತದೆ. ಅಂದರೆ 9:03ಕ್ಕೆ ನೋಡಿದವರ ಕಣ್ಣಿಗೆ ಬೀಳುವುದು 19 ನಿಮಿಷ ಹಳೆಯ ಅಂಕಿ. ಎಲ್ಲವೂ ಸರಿಯಾಗಿದ್ದಾಗಲೂ ಗರಿಷ್ಠ ಹಳತು 15, 4 ಮತ್ತು 1 ಸೇರಿ 20 ನಿಮಿಷ.

ಇದನ್ನು ಊಹಿಸುವ ಬದಲು ಅಳೆಯಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ `pg_last_xact_replay_timestamp()` ಎಂಬ ಸಿದ್ಧ ಫಂಕ್ಷನ್ ಇದೆ. ರೆಪ್ಲಿಕಾಕ್ಕೆ ಸೇರಿದ ಕೊನೆಯ ವ್ಯವಹಾರ ಮುಖ್ಯದಲ್ಲಿ ಯಾವಾಗ ನಡೆಯಿತೆಂದು ಅದು ಹೇಳುತ್ತದೆ. ಆದರೆ ಮುಖ್ಯ ಡೇಟಾಬೇಸ್‌ನಲ್ಲಿ ಯಾವ ಚಟುವಟಿಕೆಯೂ ಇಲ್ಲದ ಹೊತ್ತಿನಲ್ಲಿ, ರೆಪ್ಲಿಕಾ ಒಂದಿಷ್ಟೂ ಹಿಂದುಳಿಯದಿದ್ದರೂ, ಅದನ್ನು ನಂಬಿ ಲೆಕ್ಕ ಹಾಕಿದರೆ ಲ್ಯಾಗ್ ಬೆಳೆಯುತ್ತಲೇ ಹೋದಂತೆ ಕಾಣುತ್ತದೆ. ಅದಕ್ಕಾಗಿ ಒಂದೇ ಸಾಲಿನ ‘ಹಾರ್ಟ್‌ಬೀಟ್’ ಕೋಷ್ಟಕ ಮಾಡಿ, ಮುಖ್ಯ ಡೇಟಾಬೇಸ್‌ನಲ್ಲಿ 10 ಸೆಕೆಂಡಿಗೊಮ್ಮೆ ಸಮಯ ಬರೆಯುತ್ತಾರೆ. ರೆಪ್ಲಿಕಾದಲ್ಲಿ ಅದನ್ನು ಓದಿ ಈಗಿನ ಸಮಯದಿಂದ ಕಳೆಯುತ್ತಾರೆ:

```sql
-- ಮುಖ್ಯದಲ್ಲಿ
UPDATE heartbeat SET ts = clock_timestamp() WHERE id = 1;
-- ರೆಪ್ಲಿಕಾದಲ್ಲಿ
SELECT clock_timestamp() - ts FROM heartbeat WHERE id = 1;
```

ಎರಡೂ ಸರ್ವರ್‌ಗಳ ಗಡಿಯಾರ ಹೊಂದಿಕೊಂಡಿರಬೇಕು, ಇಲ್ಲವಾದರೆ ಈ ವ್ಯತ್ಯಾಸಕ್ಕೆ ಅರ್ಥವಿಲ್ಲ. ಸಿಂಕ್ ಕೂಡ ಈ ಸಾಲನ್ನು ಹಾಲಿನ ಲೆಕ್ಕದ ಜೊತೆಗೇ ಹೊತ್ತೊಯ್ಯಲಿ, ಅದನ್ನು ಎಲ್ಲಕ್ಕಿಂತ ಮೊದಲು ಓದಲಿ. ಕೊನೆಗೆ ಓದಿದರೆ ಮೊದಲೇ ನಕಲಾದ ಕೋಷ್ಟಕಗಳು ನಿಜಕ್ಕಿಂತ ಹೊಸದೆಂದು ತೋರುತ್ತವೆ. ಆಗ ಪರದೆಯ ಮೇಲೆ ‘8:49ಕ್ಕೆ ನವೀಕರಿಸಲಾಗಿದೆ’ ಎನ್ನುವ ಬದಲು ‘8:44ರವರೆಗಿನ ಲೆಕ್ಕ’ ಎಂದು ಬರೆಯಬಹುದು. ನೋಡುವವರಿಗೆ ಬೇಕಾದದ್ದು ಈ ಎರಡನೆಯದು.

ಇನ್ನು ಗುರಿ. ಟ್ಯಾಂಕರ್ ತೀರ್ಮಾನಕ್ಕೆ ಅರ್ಧ ಗಂಟೆ ಹಳೆಯ ಲೆಕ್ಕ ಕೆಲಸಕ್ಕೆ ಬಾರದು, 25 ನಿಮಿಷವಾದರೆ ನಡೆಯುತ್ತದೆ ಎಂದು ವ್ಯವಸ್ಥಾಪಕರು ಹೇಳಿದರೆ ಗುರಿಯನ್ನು ಹೀಗೆ ಬರೆಯಬಹುದು: ಬೆಳಿಗ್ಗೆ 6ರಿಂದ 10ರವರೆಗೆ ನಿಮಿಷಕ್ಕೊಮ್ಮೆ ನೋಡಿದರೆ, 100ರಲ್ಲಿ 99 ಸಲ ಅಂಕಿ 25 ನಿಮಿಷದೊಳಗಿನದಾಗಿರಬೇಕು. ತಿಂಗಳಿಗೆ 7,200 ನೋಟ, ಅದರಲ್ಲಿ 72ಕ್ಕೆ ವಿನಾಯಿತಿ. ಒಂದು ಸಿಂಕ್ ವಿಫಲವಾದರೆ ಹಳತು 20ರಿಂದ 35 ನಿಮಿಷಕ್ಕೆ ಏರುತ್ತದೆ, ಅಂದರೆ ಸುಮಾರು 10 ನಿಮಿಷ ಗುರಿ ಮೀರುತ್ತದೆ. ಹಾಗಾಗಿ ತಿಂಗಳಿಗೆ ಬಿಡಿಬಿಡಿಯಾದ ಏಳು ವೈಫಲ್ಯಗಳನ್ನು ಈ ಗುರಿ ತಾಳಿಕೊಳ್ಳುತ್ತದೆ. ಅದಕ್ಕೂ ಹೆಚ್ಚಾದರೆ ತಂತ್ರಜ್ಞರು ಬೇರೆ ಕೆಲಸ ಬಿಟ್ಟು ಇದನ್ನೇ ಹಿಡಿಯಬೇಕು. ಗುರಿಯೇ 20 ನಿಮಿಷವಾಗಿದ್ದರೆ ಸಿಂಕ್ ಒಂದು ನಿಮಿಷ ತಡವಾದರೂ ಗಂಟೆ ಬಾರಿಸುತ್ತದೆ. ಕೆಲವೇ ದಿನದಲ್ಲಿ ಆ ಎಚ್ಚರಿಕೆಗೆ ಯಾರೂ ಕಿವಿಗೊಡುವುದಿಲ್ಲ.

ಎಷ್ಟೋ ಸಲ ಲ್ಯಾಗ್‌ಗೆ ಸಿಂಕ್ ತಾನೇ ಕಾರಣವಾಗಿರುತ್ತದೆ. ಅದು ರೆಪ್ಲಿಕಾದಲ್ಲಿ ದೀರ್ಘವಾಗಿ ಓದುತ್ತಿರುವಾಗ, ಆ ಓದಿಗೆ ಅಡ್ಡಬರುವ ಬದಲಾವಣೆ ಮುಖ್ಯದಿಂದ ಬಂದರೆ ಪೋಸ್ಟ್‌ಗ್ರೆಸ್ ಅದನ್ನು ತಡೆದು ನಿಲ್ಲಿಸುತ್ತದೆ. `max_standby_streaming_delay` ಎಂಬ ಮಿತಿ, ಮೊದಲಿಂದಿರುವಂತೆ 30 ಸೆಕೆಂಡ್, ದಾಟಿದರೆ ಓದನ್ನೇ ರದ್ದುಮಾಡುತ್ತದೆ. ರದ್ದಾಗದಿರಲೆಂದು ಮಿತಿ ಹೆಚ್ಚಿಸಿದರೆ ಲ್ಯಾಗ್ ಹೆಚ್ಚುತ್ತದೆ. ಪ್ರತಿ ಸಿಂಕ್ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಲ್ಯಾಗ್ ಏರಿ, ಅದು ಮುಗಿದೊಡನೆ ಇಳಿಯುತ್ತಿದ್ದರೆ ಕಾರಣ ಇದೇ. ದೊಡ್ಡ ಓದನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆಯುವುದು ಅದಕ್ಕೆ ಪರಿಹಾರ.

ಹಾರ್ಟ್‌ಬೀಟ್ ಕಾಣಲಾರದ ತಡವೂ ಒಂದಿದೆ. ಹಳ್ಳಿಯಲ್ಲಿ ನೆಟ್‌ವರ್ಕ್ ಹೋಗಿ ಸಂಘದ ಲೆಕ್ಕ ಮುಖ್ಯ ಡೇಟಾಬೇಸ್‌ಗೆ ಬಂದೇ ಇಲ್ಲದಿದ್ದರೂ ಹಾರ್ಟ್‌ಬೀಟ್ ತಾಜಾ ಎಂದೇ ಹೇಳುತ್ತದೆ. ಆದ್ದರಿಂದ ಮೊತ್ತದ ಪಕ್ಕದಲ್ಲಿ ಎಷ್ಟು ಸಂಘಗಳ ಲೆಕ್ಕ ಬಂದಿದೆ ಎಂಬುದೂ ಇರಲಿ. ನಿಮ್ಮ ಕಚೇರಿಯಲ್ಲಿ ಡ್ಯಾಶ್‌ಬೋರ್ಡ್ ನೋಡಿ ತೀರ್ಮಾನ ಮಾಡುವುದಿದ್ದರೆ, ತಂತ್ರಜ್ಞರಿಗೆ ಎರಡು ಪ್ರಶ್ನೆ ಕೇಳಿ: ಈ ಅಂಕಿ ಎಷ್ಟು ಗಂಟೆಯವರೆಗಿನದು, ಮತ್ತು ಇದರಲ್ಲಿ ಯಾರ ಲೆಕ್ಕ ಇನ್ನೂ ಸೇರಿಲ್ಲ?