ಅನುವಾದಕರಿಗೆ ಬರೆಯುವ ಮೊದಲ ಮೇಲ್

‘ಜೊತೆಗಿರುವ ಫೈಲನ್ನು ಕನ್ನಡಕ್ಕೆ ಮಾಡಿಕೊಡಿ. ಸ್ವಲ್ಪ ಅರ್ಜೆಂಟ್. ಭಾಷೆ ಸರಳವಾಗಿರಲಿ.’ ಹೊರಗಿನಿಂದ ಅನುವಾದದ ಕೆಲಸ ಹಿಡಿಯುವವರಿಗೆ ಇಂಥ ಮೇಲ್ ಹೊಸದೇನಲ್ಲ. ಓದಿದರೆ ಎಲ್ಲ ಹೇಳಿದ ಹಾಗೇ ಇದೆ. ಯಾರಿಗೆ ಸರಳವಾಗಿರಬೇಕು, ಯಾವತ್ತಿಗೆ ಬೇಕು, ಫೈಲಿನಲ್ಲಿ ಏನೇನು ಕನ್ನಡಕ್ಕೆ ಬರಬೇಕು ಎನ್ನುವುದು ಮಾತ್ರ ಅದರಲ್ಲಿಲ್ಲ. ತಿರುಗಿ ಕೇಳಲು ಸಂಕೋಚಪಟ್ಟು ಅನುವಾದಕರು ತಾವೇ ಏನೋ ಒಂದು ಊಹಿಸಿಕೊಂಡು ಕೆಲಸ ಶುರುಮಾಡುತ್ತಾರೆ. ಆ ಊಹೆ ತಪ್ಪೆಂದು ಗೊತ್ತಾಗುವ ಹೊತ್ತಿಗೆ ಪುಸ್ತಿಕೆ ಪ್ರೆಸ್ಸಿನ ಬಾಗಿಲಲ್ಲಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ರಾಯಚೂರು ಭಾಗದ ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಯೊಂದು ಟಿಬಿ ಚಿಕಿತ್ಸೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಿಕೆ ಸಿದ್ಧಪಡಿಸಿದೆ. ಸುಮಾರು 6,000 ಪದ, ನಡುನಡುವೆ ಚಿತ್ರ, ಕೊನೆಗೊಂದು ಕೋಷ್ಟಕ. ಅದನ್ನು ಕನ್ನಡಕ್ಕೆ ತರಲು ಮೈಸೂರಿನಲ್ಲಿರುವ ಅನುವಾದಕಿಯೊಬ್ಬರನ್ನು ಗೊತ್ತುಮಾಡಿದ್ದಾರೆ. ಅವರಿಗೆ ಏನು ಬರೆಯಬೇಕು?

ಮೊದಲು ಓದುಗರ ವಿಷಯ ಬರಲಿ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ‘ಸಾಮಾನ್ಯ ಜನರಿಗೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಹೀಗೆ ಬರೆಯಬಹುದು:

‘ಮೇಡಂ, ನಮಸ್ಕಾರ. ಈ ಪುಸ್ತಿಕೆಯನ್ನು ರೋಗಿಗಳು ತಾವೇ ಓದುವುದು ಕಡಿಮೆ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಒಂದೊಂದು ಪುಟ ತೆರೆದು ಗಟ್ಟಿಯಾಗಿ ಓದಿ ಹೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಕೂಲಿಗೆ ಹೋಗುವವರು. ಔಷಧ ಶುರುವಾಗಿ ಕೆಲವು ವಾರಕ್ಕೆ ಕೆಮ್ಮು ಇಳಿಯುತ್ತದೆ, ಆಗ ಗುಣವಾಯಿತೆಂದು ಬಿಟ್ಟುಬಿಡುತ್ತಾರೆ. ಆರು ತಿಂಗಳ ಕೋರ್ಸ್ ನಡುವೆ ನಿಲ್ಲಬಾರದು ಎನ್ನುವುದೇ ಪುಸ್ತಿಕೆಯ ಮುಖ್ಯ ಮಾತು.’

ಇಷ್ಟು ಗೊತ್ತಾದರೆ ಅನುವಾದಕಿ ಬರೆಯುವ ವಾಕ್ಯವೇ ಬೇರೆಯಾಗುತ್ತದೆ. ಕಿವಿಗೆ ಬೀಳುವ ವಾಕ್ಯ ಚಿಕ್ಕದಿರಬೇಕು, ಕ್ರಿಯಾಪದಕ್ಕಾಗಿ ಎರಡು ಸಾಲು ಕಾಯಿಸಬಾರದು. ‘ರಿಫಾಂಪಿಸಿನ್ ಸೇವನೆಯಿಂದ ಮೂತ್ರದ ವರ್ಣದಲ್ಲಿ ಬದಲಾವಣೆ ಕಂಡುಬರುವ ಸಾಧ್ಯತೆಯಿದ್ದು, ಇದು ಅಪಾಯಕಾರಿಯಲ್ಲ’ ಎಂಬುದು ವೈದ್ಯರ ಕೈಪಿಡಿಯಲ್ಲಾದರೆ ನಡೆದೀತು. ಮನೆ ಪಡಸಾಲೆಯಲ್ಲಿ ಓದುವುದಕ್ಕೆ ‘ಈ ಔಷಧ ತಗೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಬಹುದು. ಹೆದರಬೇಡಿ, ಗುಳಿಗೆ ನಿಲ್ಲಿಸಬೇಡಿ’ ಎಂದಿರಬೇಕು. ಎರಡೂ ಸರಿಯಾದ ಅನುವಾದವೇ. ಯಾವುದು ಬೇಕೆಂದು ಹೇಳಬೇಕಾದವರು ಕೆಲಸ ಕೊಟ್ಟವರು.

ಶೈಲಿಯ ಬಗ್ಗೆ ಗುಣವಾಚಕ ಪೇರಿಸುವುದಕ್ಕಿಂತ ಹೀಗೆ ಎರಡು ವಾಕ್ಯದ ಮಾದರಿ ಕೊಡುವುದು ಮೇಲು. ನಿಮಗೆ ಹಿಡಿಸಿದ ಹಳೆಯ ಕರಪತ್ರವಿದ್ದರೆ ಅದನ್ನೂ ಜೊತೆಗಿಡಿ. ಓದುಗರನ್ನು ‘ನೀವು’ ಎನ್ನಬೇಕೋ, ‘ರೋಗಿಯು’ ಎಂದು ಮೂರನೆಯವರ ಹಾಗೆ ಕರೆಯಬೇಕೋ, ಅಂಕಿಗಳು 1, 2, 3 ಆಗಿರಬೇಕೋ ಕನ್ನಡದವೋ ಎಂಬುದಕ್ಕೆ ಒಂದೊಂದು ಸಾಲು ಸಾಕು. ಆಮೇಲೆ ಇಡೀ ಪುಸ್ತಿಕೆಯಲ್ಲಿ ‘ರೋಗಿಯು’ ಹುಡುಕಿ ತೆಗೆಯುವುದು ಕಂಪ್ಯೂಟರಿಗೂ ಸುಲಭವಲ್ಲ, ಕ್ರಿಯಾಪದವೂ ಜೊತೆಗೇ ಬದಲಾಗಬೇಕಲ್ಲ!

ಇನ್ನು ಕೆಲಸದ ವ್ಯಾಪ್ತಿ. ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಪುಟದ ಲೆಕ್ಕ ನಂಬುವಂಥದ್ದಲ್ಲ; ಒಂದು ಪುಟದಲ್ಲಿ ನಾನೂರು ಪದ ಇರಬಹುದು, ಇನ್ನೊಂದರಲ್ಲಿ ಬರೀ ಚಿತ್ರ. ಪದದ ಲೆಕ್ಕವೇ ಬೇಕು. ಅದೂ ಇಂಗ್ಲಿಷ್ ಪದದ್ದೋ ಕನ್ನಡ ಪದದ್ದೋ ಎಂದು ಹೇಳಬೇಕು. ‘ಯೂ ಶುಡ್ ನಾಟ್ ಸ್ಟಾಪ್ ಟೇಕಿಂಗ್ ದ ಟ್ಯಾಬ್ಲೆಟ್ಸ್’ ಏಳು ಪದ, ‘ಗುಳಿಗೆ ನಿಲ್ಲಿಸಬಾರದು’ ಎರಡೇ. ವಿಭಕ್ತಿ, ನಿಷೇಧ ಎಲ್ಲ ಪದಕ್ಕೇ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಕನ್ನಡದ ಲೆಕ್ಕ ಹಿಡಿದರೆ ಅನುವಾದಕರ ಹಣ ಎದ್ದುಕಾಣುವಷ್ಟು ಇಳಿಯುತ್ತದೆ. ಮೂಲದ ಪದಗಳಿಗೆ ದರ ಕಟ್ಟಿದರೆ ಮೊತ್ತ ಮೊದಲೇ ಇಬ್ಬರಿಗೂ ಗೊತ್ತಿರುತ್ತದೆ.

ಚಿತ್ರದೊಳಗಿನ ಅಕ್ಷರ ವರ್ಡ್ ಫೈಲಿನ ಪದಗಣನೆಗೆ ಸಿಗುವುದಿಲ್ಲ. ಶ್ವಾಸಕೋಶದ ಚಿತ್ರದ ಮೇಲಿನ ಹೆಸರುಗಳು, ಸ್ಕ್ಯಾನ್ ಮಾಡಿ ಅಂಟಿಸಿದ ಕಾರ್ಡು, ಹಿಂಬದಿಯ ಸಹಾಯವಾಣಿಯ ಸಾಲು ಇವೆಲ್ಲ ಸೇರುತ್ತವೆಯೇ ಎಂದು ಬರೆದಿಡಬೇಕು. ಸೇರುವುದಾದರೆ ಅವನ್ನೆಲ್ಲ ಒಂದು ಕಡೆ ಟೈಪು ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದು. ಕನ್ನಡಕ್ಕೇ ಇರುವ ತೊಡಕು ಇನ್ನೊಂದು: ಫೈಲು ಯೂನಿಕೋಡಿನಲ್ಲಿ ಬೇಕೋ ಹಳೆಯ ನುಡಿ ಅಕ್ಷರದಲ್ಲೋ? ಹಳೆಯ ಪೇಜ್‌ಮೇಕರಿನಲ್ಲಿ ಪುಟ ಕಟ್ಟುವವರಿಗೆ ಯೂನಿಕೋಡ್ ಕೂರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವೊತ್ತು ಎಲ್ಲಿಗೋ ಹಾರುತ್ತದೆ. ಹಾಗಾಗಿ ಪುಟವಿನ್ಯಾಸ ಮುಗಿದ ಮೇಲೆ ಕರಡು ನೋಡುವುದೂ ಅನುವಾದಕಿಯ ಕೆಲಸವೇ, ಅದಕ್ಕೆ ಬೇರೆ ಹಣವೇ ಎಂಬುದು ಈ ಮೇಲಿನಲ್ಲೇ ಇರಲಿ.

ಪದಪಟ್ಟಿಗೆ ಎಕ್ಸೆಲ್ ಹಾಳೆಯಲ್ಲಿ ಮೂರು ಕಾಲಂ ಸಾಕು: ಇಂಗ್ಲಿಷ್ ಪದ, ನಮಗೆ ಬೇಕಾದ ಕನ್ನಡ, ಯಾಕೆ ಎಂಬ ಟಿಪ್ಪಣಿ. ಆ ಮೂರನೆಯದನ್ನೇ ಎಲ್ಲರೂ ಬಿಡುವುದು. ಮೈಸೂರಿನವರ ಕೈಗೆ ಸಹಜವಾಗಿ ಬರುವುದು ‘ಮಾತ್ರೆ’, ‘ಆಸ್ಪತ್ರೆ’. ರಾಯಚೂರಿನ ಕಡೆ ಮಾತಿನಲ್ಲಿ ‘ಗುಳಿಗಿ’, ‘ದವಾಖಾನಿ’. ಪಟ್ಟಿಯಲ್ಲಿ ‘ಗುಳಿಗೆ’ ಎಂದು ಬರೆದು, ‘ಅಲ್ಲಿಯ ಜನಕ್ಕೆ ಹತ್ತಿರದ ಪದ, ಆದರೆ ಬರಹದ ರೂಪದಲ್ಲಿರಲಿ’ ಎಂದು ಟಿಪ್ಪಣಿ ಹಾಕಿದರೆ, ಪಟ್ಟಿಯಲ್ಲಿಲ್ಲದ ಪದ ಎದುರಾದಾಗಲೂ ಯಾವ ದಾರಿ ಹಿಡಿಯಬೇಕೆಂದು ಅನುವಾದಕಿಗೆ ತಿಳಿಯುತ್ತದೆ. ಇನ್ನೂರು ಪದಗಳ ಪಟ್ಟಿ ಯಾರೂ ಓದುವುದಿಲ್ಲ. ಈ ಪುಸ್ತಿಕೆಗೆ ಮೂವತ್ತು ನಲವತ್ತು ಧಾರಾಳ. ಮುಟ್ಟಬಾರದವನ್ನು ಬೇರೆಯಾಗಿ ಗುರುತಿಸಿ: ಔಷಧದ ಹೆಸರು, ಯೋಜನೆಯ ಹೆಸರು, ದೂರವಾಣಿ ಸಂಖ್ಯೆ. ತೂಕಕ್ಕೆ ತಕ್ಕಂತೆ ಎಷ್ಟು ಗುಳಿಗೆ ಎನ್ನುವ ಕೋಷ್ಟಕವನ್ನು ಕೊನೆಗೆ ವೈದ್ಯರೇ ನೋಡಿ ಒಪ್ಪುತ್ತಾರೆ ಎಂದೂ ಬರೆಯಿರಿ. ಅಲ್ಲಿ ಒಂದು ಅಂಕಿ ಜಾರಿದರೆ ಹೊಣೆ ಅನುವಾದಕರದ್ದಲ್ಲ ಎಂಬುದು ಇಬ್ಬರಿಗೂ ಗೊತ್ತಿರಬೇಕು.

ಗಡುವು ಎಂದರೆ ‘ಮುಂದಿನ ವಾರ’ ಅಲ್ಲ. ತಾರೀಕು, ವಾರ, ಗಂಟೆ. ಅನುಭವಸ್ಥರು ದಿನಕ್ಕೆ ಸುಮಾರು 2,000 ಪದ ಮಾಡಬಲ್ಲರು. ಆ ಲೆಕ್ಕದಲ್ಲಿ ನಮ್ಮ ಪುಸ್ತಿಕೆಗೆ ಮೂರು ದಿನ, ತಾವೇ ಮತ್ತೆ ಓದಿ ತಿದ್ದಲು ಇನ್ನೊಂದು. ಆದರೆ ಅವರ ಕೈಯಲ್ಲಿ ಬೇರೆ ಕೆಲಸವೂ ಇರುತ್ತದೆ, ಹತ್ತು ದಿನ ಕೊಟ್ಟರೆ ನ್ಯಾಯ. ಅದನ್ನು ಎರಡಾಗಿ ಒಡೆಯುವುದು ಜಾಣತನ. ಮೊದಲ ಎರಡು ಮೂರು ದಿನದಲ್ಲಿ ಮುನ್ನೂರು ಪದದ ಮಾದರಿ ಬರಲಿ, ಅದನ್ನು ರಾಯಚೂರಿನ ಒಬ್ಬ ಆಶಾ ಕಾರ್ಯಕರ್ತೆಯಿಂದ ಗಟ್ಟಿಯಾಗಿ ಓದಿಸಿ. ಅವರ ನಾಲಿಗೆ ತಡವರಿಸಿದ ಜಾಗವೇ ತಿದ್ದಬೇಕಾದ ಜಾಗ. ಮಾದರಿ ನೋಡಿ ನೀವು ಯಾವ ದಿನದೊಳಗೆ ಉತ್ತರ ಕೊಡುತ್ತೀರಿ ಎಂದೂ ಬರೆಯಬೇಕು. ನೀವು ಐದು ದಿನ ಸುಮ್ಮನಿದ್ದು ಅವರಿಂದ ಮಾತ್ರ ಅದೇ ತಾರೀಕಿಗೆ ನಿರೀಕ್ಷಿಸಿದರೆ ಹೇಗೆ?

ಎಷ್ಟು ಸಲ ತಿದ್ದುಪಡಿ ಕೇಳಬಹುದು ಎನ್ನುವುದೂ ಇಲ್ಲಿಗೇ ಸೇರುತ್ತದೆ. ಒಂದು ಸುತ್ತು ದರದಲ್ಲೇ ಸೇರಿರುವುದು ರೂಢಿ. ನಡುವೆ ಮೂಲ ಪುಸ್ತಿಕೆಯೇ ಬದಲಾದರೆ ಅದು ತಿದ್ದುಪಡಿಯಲ್ಲ, ಹೊಸ ಕೆಲಸ.

ಕೊನೆಗೆ, ಪ್ರಶ್ನೆಗಳನ್ನು ಯಾರಿಗೆ ಕಳಿಸಬೇಕೆಂದು ಒಬ್ಬರದೇ ಹೆಸರು ಕೊಡಿ. ಮೂವರಿಗೆ ಪ್ರತಿ ಹಾಕಿದರೆ ಮೂರು ಉತ್ತರ ಬರುತ್ತವೆ. ಮೇಲಿಗೆ ‘ಓಕೆ ಸರ್’ ಎಂದಷ್ಟೇ ಮಾರುತ್ತರ ಬಂದರೆ ಒಂದು ಫೋನ್ ಮಾಡುವುದು ಒಳ್ಳೆಯದು. ಫೈಲನ್ನು ತೆರೆದವರಿಗೆ ಪ್ರಶ್ನೆ ಹುಟ್ಟದೇ ಇರುವುದಿಲ್ಲ. ‘ಆಹಾರದ ಪುಟದಲ್ಲಿ ಓಟ್ಸ್ ಅಂತಿದೆ, ಜೋಳದ ರೊಟ್ಟಿ ಅಂತ ಹಾಕಲೇ?’ ಎಂದು ಕೇಳಿದರೆ ನಿಮ್ಮ ಪತ್ರವನ್ನು ಅವರು ಪೂರ್ತಿ ಓದಿದ್ದಾರೆ. ಆ ಉತ್ತರವನ್ನು ಫೋನಿನಲ್ಲಿ ಹೇಳಿ ಬಿಡದೆ ಪದಪಟ್ಟಿಗೆ ಸೇರಿಸಿ, ಫೈಲಿನ ಹೆಸರಿಗೆ ತಾರೀಕು ಹಚ್ಚಿ ಮತ್ತೆ ಕಳಿಸಿ.