ಕಡಲಾಚೆಯ ಮಕ್ಕಳೂ ಕನ್ನಡದ ಕಾಲರೂಪಗಳೂ

ಹೊರದೇಶಗಳಲ್ಲಿ ನೆಲೆಸಿದ ನಮ್ಮವರು ಮಕ್ಕಳಿಗೆ ಕನ್ನಡ ಕಲಿಸಲು ಪಡುತ್ತಿರುವ ಶ್ರಮವನ್ನು ಕೆಲವು ವರ್ಷಗಳಿಂದ ಹತ್ತಿರದಿಂದ ನೋಡುತ್ತ ಬಂದಿದ್ದೇನೆ. ಅಮೆರಿಕದ ಕನ್ನಡ ಕೂಟಗಳು ವಾರಾಂತ್ಯದಲ್ಲಿ ಕನ್ನಡ ಶಾಲೆಗಳನ್ನು ನಡೆಸುತ್ತವೆ. ದುಬೈಯಲ್ಲಿಯೂ ಕನ್ನಡ ಪಾಠಶಾಲೆಯುಂಟು. ಅಣ್ಣಿಗೇರಿ, ನವಲಗುಂದ, ಕುಂದಗೋಳಗಳ ಕಡೆಯಿಂದ ಹೋದ ಕುಟುಂಬಗಳ ತಾಯಂದಿರು ಮಕ್ಕಳ ಅಭ್ಯಾಸದ ಹಾಳೆಗಳ ಚಿತ್ರ ತೆಗೆದು ನನಗೆ ಕಳಿಸಿ, “ಸರ್, ಇದು ಬರೋಬರಿ ಐತೇನ್ರಿ?” ಎಂದು ಕೇಳುವುದುಂಟು. ಆ ಹಾಳೆಗಳಲ್ಲಿ ಕಾಲರೂಪಗಳಿಗೆ ಸಂಬಂಧಿಸಿದವುಗಳ ಬಗೆಗೆ ಮಾತ್ರ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಇಂಥ ಹಾಳೆಯ ರೂಪ ಸಾಮಾನ್ಯವಾಗಿ ಒಂದೇ. ಎಡಕ್ಕೆ ಧಾತು, ಅದರ ಮುಂದೆ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಖಾಲಿ ಮನೆಗಳು. ಧಾತುಗಳೋ, ಇಂಗ್ಲಿಷಿನಲ್ಲಿ ಮಗುವಿಗೆ ಮೊದಲು ಬರುವವು: ಹೋಗು, ಬರು, ತಿನ್ನು, ಕೊಡು, ಮಾಡು. ವರ್ತಮಾನದ ಮನೆಯನ್ನು ಮಗು ಸಲೀಸಾಗಿ ತುಂಬುತ್ತದೆ. ಧಾತುವಿಗೆ ‘ಉತ್ತ’ ಸೇರಿಸಿ, ಅದರ ಮುಂದೆ ‘ನಾನು’ ಎಂಬುದಕ್ಕೆ ಒಪ್ಪುವ ‘ಏನೆ’ ಹಚ್ಚಿದರೆ ಬರುತ್ತೇನೆ, ಕೊಡುತ್ತೇನೆ, ಮಾಡುತ್ತೇನೆ ಎಲ್ಲವೂ ಸಿದ್ಧ. ಎಡವುವುದು ಭೂತಕಾಲದಲ್ಲಿ. ಹತ್ತು ವರ್ಷದ ಹುಡುಗಿಯೊಬ್ಬಳ ಹಾಳೆಯಲ್ಲಿ ‘ಮಾಡಿದೆ’ ಸರಿಯಾಗಿತ್ತು; ಅದರ ಕೆಳಗೆ ‘ಕೊಡಿದೆ’, ‘ಬರಿದೆ’, ‘ತಿನ್ನಿದೆ’ ಎಂದಿತ್ತು. ತಾಯಿ ಮೂರಕ್ಕೂ ಕೆಂಪು ಗೀಟು ಎಳೆದಿದ್ದರು. ನನ್ನ ದೃಷ್ಟಿಯಲ್ಲಿ ಆ ಹುಡುಗಿ ವ್ಯಾಕರಣವನ್ನು ಚೆನ್ನಾಗಿಯೇ ಗ್ರಹಿಸಿದ್ದಳು. ‘ಮಾಡು’ ಎಂಬುದರಿಂದ ಒಂದು ಸೂತ್ರವನ್ನು ತಾನೇ ಕಂಡುಕೊಂಡು ಉಳಿದವಕ್ಕೂ ಹಚ್ಚಿದ್ದಳು. ದೋಷವಿದ್ದುದು ಬೇರೆ ಬೇರೆ ಜಾತಿಯ ಧಾತುಗಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದ ಹಾಳೆಯಲ್ಲಿ.

ಈ ತೊಡಕು ಹೊಸದೇನಲ್ಲ. ಜರ್ಮನಿಯಿಂದ ಬಂದು ಕನ್ನಡ ಕಲಿತ ಕಿಟ್ಟೆಲ್ಲರು 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಧಾತುವಿನ ಜೊತೆಗೆ ಅದರ ಭೂತಕಾಲದ ಕೃದಂತವನ್ನೂ ಕೊಡುತ್ತಾರೆ: ‘ಕೊಡು’ ಎಂದರೆ ಅದರ ಪಕ್ಕದಲ್ಲಿ ‘ಕೊಟ್ಟು’. ಹೊರಗಿನಿಂದ ಬಂದವರಿಗೆ ಈ ಎರಡನೆಯ ರೂಪವೇ ಕೀಲಿಕೈ. ‘ಕೊಟ್ಟು’ ತಿಳಿದರೆ ಕೊಟ್ಟೆ, ಕೊಟ್ಟಳು, ಕೊಟ್ಟರು, ಕೊಟ್ಟ ಪುಸ್ತಕ, ಕೊಟ್ಟರೆ, ಕೊಟ್ಟಿದ್ದೇನೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ. ಆದಕಾರಣ ನಾನು ಬರೆದುಕೊಡುವ ಹಾಳೆಯಲ್ಲಿ ಮೂರು ಕಾಲಗಳ ಮನೆಗಳಿರುವುದಿಲ್ಲ. ಧಾತು ಮತ್ತು ಅದರ ‘ಕೊಟ್ಟು’ರೂಪ ಜೋಡಿಯಾಗಿ ಇರುತ್ತವೆ. ಕರ್ತೃ ಆರಂಭದಲ್ಲಿ ‘ನಾನು’ ಒಂದೇ. ‘ಅಜ್ಜಿ ಬಂದ’ ಎಂದು ಬರೆದ ಮಗು ತಪ್ಪಿದ್ದು ಲಿಂಗದಲ್ಲಿ, ಕಾಲದಲ್ಲಲ್ಲ. ಎರಡನ್ನೂ ಒಂದೇ ದಿನ ಪರೀಕ್ಷಿಸಿದರೆ ಯಾವುದು ಬಾರದೆಂಬುದೇ ನಮಗೆ ತಿಳಿಯುವುದಿಲ್ಲ.

ಧಾತುಗಳನ್ನು ಗುಂಪು ಮಾಡುವುದು ಹೇಗೆಂಬುದಕ್ಕೆ ಒಂದು ಹಾಳೆಯನ್ನೇ ಬಿಡಿಸಿ ಹೇಳುತ್ತೇನೆ. ಅದರಲ್ಲಿ ಎಂಟೇ ಧಾತುಗಳು, ಎಲ್ಲವೂ ‘ಡು’ಕಾರದಲ್ಲಿ ಮುಗಿಯುವವು. ಒಂದು ಬದಿಗೆ ಮಾಡು, ನೋಡು, ಹಾಡು, ಓಡು. ಇನ್ನೊಂದು ಬದಿಗೆ ಕೊಡು, ಇಡು, ಸುಡು, ನೆಡು. ಮೊದಲಿನ ನಾಲ್ಕು ಮಾಡಿದೆ, ನೋಡಿದೆ, ಹಾಡಿದೆ, ಓಡಿದೆ ಎಂದಾಗುತ್ತವೆ. ಉಳಿದ ನಾಲ್ಕು ಕೊಟ್ಟೆ, ಇಟ್ಟೆ, ಸುಟ್ಟೆ, ನೆಟ್ಟೆ. ಇಷ್ಟನ್ನು ತೋರಿಸಿ, ಎಂಟನ್ನೂ ಗಟ್ಟಿಯಾಗಿ ಓದಿಸಿ, “ಈ ಬದಿಗೂ ಆ ಬದಿಗೂ ಏನು ಭೇದ?” ಎಂದು ಕೇಳಬೇಕು. ಉತ್ತರವನ್ನು ನಾವು ಹೇಳಕೂಡದು. ಮೊದಲಕ್ಷರ ದೀರ್ಘವಾಗಿದ್ದರೆ ‘ಡಿದೆ’, ಹ್ರಸ್ವವಾಗಿದ್ದರೆ ‘ಟ್ಟೆ’ ಎಂಬುದನ್ನು ಮಕ್ಕಳು ಕಿವಿಯಿಂದಲೇ ಹಿಡಿಯುತ್ತಾರೆ. ನಮ್ಮಲ್ಲಿ ಎಂ.ಎ. ಓದಿದವರೂ ಇದನ್ನು ಗಮನಿಸಿರುವುದಿಲ್ಲ. ಗಮನಿಸುವ ಪ್ರಸಂಗವೇ ಅವರಿಗೆ ಒದಗಿರುವುದಿಲ್ಲ.

ಕಲಿತರೇ, ಇಲ್ಲವೆ ಬಾಯಿಪಾಠ ಮಾಡಿದರೇ ಎಂದು ತಿಳಿಯುವ ಉಪಾಯವೂ ಇಲ್ಲಿಯೇ ಇದೆ. ಹಾಳೆಯಲ್ಲಿ ಇಲ್ಲದ ಎರಡು ಧಾತುಗಳನ್ನು ಕೇಳಬೇಕು: ಬೇಡು, ಬಿಡು. ‘ಬೇಡಿದೆ, ಬಿಟ್ಟೆ’ ಎಂದರೆ ಸೂತ್ರ ಮನಸ್ಸಿಗಿಳಿದಿದೆ; ‘ಬಿಡಿದೆ’ ಎಂದರೆ ಇನ್ನೊಂದು ದಿನ ಅದೇ ಹಾಳೆ. ಮುಂದಿನ ವಾರ ‘ಗು’ಕಾರದ ಧಾತುಗಳು. ಕೂಗು, ಸಾಗು, ತೂಗು ಒಂದು ಕಡೆ. ನಗು, ಸಿಗು ಇನ್ನೊಂದು ಕಡೆ. ಕೂಗಿದೆ, ನಕ್ಕೆ, ಅದೇ ಹ್ರಸ್ವ ದೀರ್ಘಗಳ ಆಟ. ಹೋಗು, ಆಗು ಎಂಬೆರಡು ಮಾತ್ರ ‘ಹೋಗಿ, ಆಗಿ’ ಎಂದು ಕೃದಂತದಲ್ಲಿ ನಿಯಮ ಪಾಲಿಸಿ, ‘ಹೋದೆ, ಆದೆ’ ಎಂದು ಕ್ರಿಯಾಪದದಲ್ಲಿ ತಪ್ಪಿಸಿಕೊಳ್ಳುತ್ತವೆ. ಅವನ್ನೂ, ಬಂದೆ, ತಂದೆ, ತಿಂದೆ, ಬಿದ್ದೆ, ಎದ್ದೆ ಇವನ್ನೂ ಬಾಯಿಪಾಠ ಮಾಡಿಸದೆ ಗತ್ಯಂತರವಿಲ್ಲ. ಇಕಾರ ಎಕಾರಗಳಲ್ಲಿ ಮುಗಿಯುವ ಕುಡಿ, ಕರೆ, ತೊಳೆ ಮೊದಲಾದವು ಸಾಧುಗಳು, ‘ದೆ’ ಹಚ್ಚಿದರಾಯಿತು. ಅವುಗಳ ನಡುವೆಯೂ ಕೆಲವು ‘ತೆ’ ಎನ್ನುತ್ತವೆ: ಮರೆತೆ, ಕಲಿತೆ. ಕಲಿಯುವುದನ್ನು ಹೇಳುವ ಧಾತುವೇ ನಿಯಮ ಮೀರಿತೆಂದರೆ ಮಕ್ಕಳು ನಗುತ್ತಾರೆ, ಆದುದರಿಂದ ಮರೆಯುವುದಿಲ್ಲ.

ಇನ್ನು ಭವಿಷ್ಯತ್ತಿನ ಮನೆ. ‘ನಾನು ನಾಳೆ ಊರಿಗೆ ಹೋಗುವೆನು’ ಎಂದು ಹಾಳೆ ಕಲಿಸುತ್ತದೆ. ಕಲಘಟಗಿಯ ಸಂತೆಯಲ್ಲಾಗಲಿ, ಬೆಂಗಳೂರಿನ ಬಸ್ಸಿನಲ್ಲಾಗಲಿ ಹಾಗೆ ಮಾತನಾಡುವವರನ್ನು ನಾನು ಕಂಡಿಲ್ಲ. ‘ನಾಳೆ ಹೋಗುತ್ತೇನೆ’ ಎನ್ನುತ್ತೇವೆ. ‘ದಿನಾಲೂ ಹೋಗುತ್ತೇನೆ’ ಎಂಬುದಕ್ಕೂ ಅದೇ ರೂಪ. ಕನ್ನಡದ ಕ್ರಿಯಾಪದ ಭೂತ ಮತ್ತು ಭೂತವಲ್ಲದ್ದು ಎಂಬ ಎರಡನ್ನೇ ಬೇರ್ಪಡಿಸುತ್ತದೆ ಎಂಬ ಡಿ. ಎನ್. ಶಂಕರ ಭಟ್ಟರ ವಾದವನ್ನು ವಿದ್ವಾಂಸರು ಚರ್ಚಿಸಲಿ. ಮಕ್ಕಳ ಹಾಳೆಯ ಮಟ್ಟಿಗೆ ಅದು ಬಹು ಉಪಯುಕ್ತ. ಅಲ್ಲಿ ಖಾಲಿ ಬಿಡಬೇಕಾದದ್ದು ಕಾಲದ ಹೆಸರನ್ನಲ್ಲ, ಕಾಲಸೂಚಕ ಪದವನ್ನು. ‘ನಾನು ___ ಹಾಲು ಕುಡಿದೆ’, ‘ನಾನು ___ ಹಾಲು ಕುಡಿಯುತ್ತೇನೆ’ ಎಂದು ಕೊಟ್ಟು ನಿನ್ನೆ, ದಿನಾಲೂ, ನಾಳೆ ಎಂಬವುಗಳಲ್ಲಿ ಆರಿಸಲು ಹೇಳಬೇಕು. ಎರಡನೆಯ ವಾಕ್ಯಕ್ಕೆ ಎರಡು ಉತ್ತರಗಳೆಂಬುದನ್ನು ಮಗು ತಾನೇ ಕಾಣುತ್ತದೆ. ‘ವ’ಕಾರವನ್ನು ಅದು ಜೀವಂತವಾಗಿರುವಲ್ಲಿ, ‘ಬರುವ ವಾರ’, ‘ಓದುವ ಹುಡುಗಿ’ ಎಂಬಲ್ಲಿ, ಆಮೇಲೆ ಕಲಿಸಿದರಾಯಿತು.

ಇಷ್ಟೆಲ್ಲ ಕಲಿತ ಮಗು ಅಣ್ಣಿಗೇರಿಯ ಆಯಿಯೊಡನೆ ಫೋನಿನಲ್ಲಿ ಮಾತಿಗೆ ಕುಳಿತಾಗ ಇನ್ನೊಂದು ಸಂಕಟ. ಆಯಿ “ಏನ್ ಮಾಡಾಕತ್ತೀ?” ಎಂದರೆ, ‘ಮಾಡುತ್ತಿದ್ದೀಯೆ’ ಎಂಬುದನ್ನು ಮಾತ್ರ ಬಲ್ಲ ಮಗು ತಾಯಿಯ ಮುಖ ನೋಡುತ್ತದೆ. ಹೀಗೆ ಎರಡು ಸಲವಾದರೆ ಮೂರನೆಯ ಸಲ ಫೋನಿಗೆ ಬರಲೊಲ್ಲೆನೆನ್ನುತ್ತದೆ. ಆ ರೂಪವೇನೂ ಅಪಭ್ರಷ್ಟವಲ್ಲ. ಮಾಡಲಿಕ್ಕೆ ಹತ್ತಿದ್ದೀ, ಎಂದರೆ ಮಾಡಲು ತೊಡಗಿದ್ದೀ, ಎಂಬುದೇ ಬಾಯಲ್ಲಿ ಸವೆದು ‘ಮಾಡಾಕತ್ತೀ’ ಆಗಿದೆ. ಹಾಳೆಯ ಅಂಚಿನಲ್ಲಿ ‘ಆಯಿಯ ಮಾತು’ ಎಂದು ಒಂದು ಮನೆ ಹಾಕಿ ‘ಓದುತ್ತಿದ್ದೇನೆ’ ಎಂಬುದರ ಎದುರಿಗೆ ‘ಓದಾಕತ್ತೇನಿ’ ಎಂದು ಬರೆಸಲು ನಾನು ಹೇಳುತ್ತೇನೆ. ಆ ಮನೆಯನ್ನು ತಾಯಿ ತುಂಬಬಾರದು. ಮಗುವೇ ಆಯಿಯನ್ನು ಕೇಳಿ ತುಂಬಬೇಕು. ಮೈಸೂರು ಕಡೆಯ ಮಕ್ಕಳು ತಮ್ಮ ಮನೆಯ ರೂಪ ಬರೆದುಕೊಳ್ಳಲಿ.

ಹಾಳೆಗೆ ಸಿಗದ ರೂಪಗಳೂ ಉಂಟು. ಕರೆದಾಗ “ಬಂದೆ, ತಡಿ” ಎನ್ನುತ್ತೇವೆ. ಇನ್ನೂ ಎದ್ದಿರುವುದೇ ಇಲ್ಲ, ರೂಪ ಮಾತ್ರ ಭೂತಕಾಲದ್ದು. ಊರಿಗೆ ಬಂದ ಮೊಮ್ಮಗ ಕಟ್ಟೆಯ ಅಂಚಿನಲ್ಲಿ ಓಡಿದರೆ ಆಯಿ “ಬಿದ್ದೀ ನೋಡು!” ಎಂದು ಕೂಗುತ್ತಾಳೆ. ಭೂತಕಾಲವನ್ನು ನಿಷ್ಠೆಯಿಂದ ಕಲಿತ ಹುಡುಗ “ನಾನು ಬೀಳಲಿಲ್ಲ” ಎಂದು ಉತ್ತರ ಕೊಡುತ್ತಾನೆ. ಬಿದ್ದೀಯೆ, ಬಂದಾನು ಎಂಬಂಥ ಸಂಭಾವನಾರ್ಥಕ ರೂಪಗಳು ಭೂತಕಾಲದ ಬುಡದಿಂದಲೇ ಹುಟ್ಟಿದರೂ ಹೇಳುವುದು ಮುಂದೆ ಆಗಬಹುದಾದದ್ದನ್ನು. ಇವಕ್ಕೆ ನಾನು ಹಾಳೆ ಮಾಡಿಲ್ಲ. ರಜೆಯಲ್ಲಿ ಆ ಕಟ್ಟೆಯ ಮೇಲೆ ಓಡುತ್ತಲೇ ಅವನ್ನು ಕಲಿಯಬೇಕು.